ಆರ್‌ಎಸ್‌ಐ 80 ಅಂದರೆ ಮಾರು ಅಂತಲ್ಲ

"ಆರ್‌ಎಸ್‌ಐ 80 ಮುಟ್ಟಿತು ಅಂತ ಮಾರಿದೆ, ಬೆಲೆ ಏರುತ್ತಲೇ ಹೋಯಿತು. ಲೆಕ್ಕ ತಪ್ಪಾ?"

ಲೆಕ್ಕ ತಪ್ಪಿರಬೇಕಿಲ್ಲ. ಆರ್‌ಎಸ್‌ಐ ಅಂದರೆ ಷೇರು ಬೆಲೆಯ ಈಚಿನ ಏರಿಕೆಯನ್ನು ಇಳಿಕೆಯ ಜೊತೆ ಹೋಲಿಸಿ 0ರಿಂದ 100ರೊಳಗೆ ತೋರಿಸುವ ಸೂಚಕ. ಅದನ್ನು ರೂಪಿಸಿದ ವೈಲ್ಡರ್ ಅವರ ವಿಧಾನದಲ್ಲಿ ಮೊದಲ 14 ದಿನಕ್ಕೆ ಮಾತ್ರ ಸಾದಾ ಸರಾಸರಿ. ಆಮೇಲೆ ಏರಿಕೆಗೂ ಇಳಿಕೆಗೂ ಬೇರೆ ಬೇರೆಯಾಗಿ ಇದು:

```
avg = (prev_avg*13 + today)/14
RSI = 100 - 100/(1 + avg_gain/avg_loss)
```

ಸರಾಸರಿ ಏರಿಕೆ 1.40, ಇಳಿಕೆ 0.35 ಅಂದುಕೊಳ್ಳಿ. ಅನುಪಾತ 4, ಆರ್‌ಎಸ್‌ಐ 80. ಮರುದಿನ ಬೆಲೆ 1.05 ಇಳಿಯಿತು. ಸರಾಸರಿ ಏರಿಕೆ 1.30 ಆಗುತ್ತದೆ, ಇಳಿಕೆ 0.40. ಆರ್‌ಎಸ್‌ಐ ಇನ್ನೂ 76.5! ಹಳೆಯ ಏರಿಕೆಯ ನೆನಪು ನಿಧಾನವಾಗಿ ಕರಗುತ್ತದೆ, ಅಲ್ವಾ?

ಹಾಗಾಗಿ 80 ಹೇಳುವುದು ಇಷ್ಟೇ: ಈಚೆಗೆ ಏರಿಕೆ ಇಳಿಕೆಯ ನಾಲ್ಕು ಪಟ್ಟಿತ್ತು. ಬೆಲೆ ದುಬಾರಿಯೋ ಅಲ್ಲವೋ ಅನ್ನುವುದು ಈ ಸೂತ್ರದಲ್ಲಿ ಎಲ್ಲೂ ಇಲ್ಲ. ಜೋರಾದ ಏರುಗತಿಯಲ್ಲಿ ಆರ್‌ಎಸ್‌ಐ ವಾರಗಟ್ಟಲೆ, ಅತಿಯಾಗಿ ಏರಿದೆ ಅನ್ನಲು ಬಳಸುವ 70ರ ಗೆರೆಯ ಮೇಲೆಯೇ ನಿಲ್ಲಬಹುದು. ನಾನಾದರೆ ಬೆಲೆ ಹಿಂದಿನ ತಗ್ಗನ್ನು ಮುರಿಯುವವರೆಗೆ ಸುಮ್ನೆ ಮಾರುವುದಿಲ್ಲ.