ಕ್ರಿಯೇಟಿನ್ ಬಿಟ್ಟೆ, ಎದೆಬಡಿತ ಸರಿಹೋಯಿತು: ಹಾಗಾದರೆ ಕಾರಣ ಅದೇನಾ?

*ಸಂಪಾದಕರೇ, ನನಗೆ 27 ವರ್ಷ. ಮೂರು ವಾರದ ಹಿಂದೆ ಸ್ನಾಯುಬಲಕ್ಕೆಂದು ಕ್ರಿಯೇಟಿನ್ ಸಪ್ಲಿಮೆಂಟ್ ಶುರು ಮಾಡಿದೆ. ಮೊದಲ ಐದು ದಿನ 20 ಗ್ರಾಂ, ಆಮೇಲೆ ದಿನಕ್ಕೆ 5 ಗ್ರಾಂ. ಅದೇ ಹೊತ್ತಿಗೆ ಸಂಜೆ ಜಿಮ್‌ಗೆ ಮೊದಲು ಒಂದು ಸ್ಕೂಪ್ ಪ್ರೀ-ವರ್ಕೌಟ್ ಪುಡಿ ಕುಡಿಯುವುದೂ ಶುರುವಾಯಿತು. ಎರಡನೇ ವಾರದಿಂದ ರಾತ್ರಿ ಮಲಗಿದಾಗ ಎದೆಬಡಿತ ಒಮ್ಮೆ ತಪ್ಪಿ, ಆಮೇಲೆ ಧಡ್ ಎಂದು ಹೊಡೆದ ಹಾಗಾಗುತ್ತದೆ. ಹೆದರಿ ಎಲ್ಲ ನಿಲ್ಲಿಸಿದೆ, ಮೂರೇ ದಿನಕ್ಕೆ ಸರಿಹೋಯಿತು. ಕ್ರಿಯೇಟಿನ್ ನನ್ನ ಹೃದಯಕ್ಕೆ ಆಗುವುದಿಲ್ಲ ಅಂತಲೇ? ಡಾಕ್ಟರ ಹತ್ತಿರ ಏನು ಹೇಳಲಿ? ಬೈಯುತ್ತಾರೇನೋ ಎಂದು ಭಯ.*

ನಿಲ್ಲಿಸಿದ್ದು ಒಳ್ಳೆಯದಾಯಿತು. ಡಾಕ್ಟರನ್ನು ನೋಡುವವರೆಗೆ ಎರಡನ್ನೂ ಮುಟ್ಟಬೇಡಿ. ಈ ನಡುವೆ ತಲೆ ಸುತ್ತಿ ಬಿದ್ದರೆ, ಎದೆ ನೋವು ಬಂದರೆ, ಉಸಿರು ಕಟ್ಟಿದ ಹಾಗಾದರೆ, ಅಥವಾ ಬಡಿತ ಜೋರಾಗಿ ಶುರುವಾಗಿ ನಿಲ್ಲದೇ ಹೋದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ನೇರ ತುರ್ತು ಚಿಕಿತ್ಸೆಗೆ ಹೋಗಿ. ವ್ಯಾಯಾಮ ಮಾಡುತ್ತಿರುವಾಗಲೇ ಬಡಿತ ಹದ ತಪ್ಪಿದರೂ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಈಗ ನಿಮ್ಮ ಮೂರು ದಿನದ ವಿಷಯ. ನೀವು ನಿಲ್ಲಿಸಿದ್ದು ಒಂದನ್ನಲ್ಲ, ಎರಡನ್ನು. ಆ ಎರಡೂ ಮೈಯಿಂದ ಹೊರಗೆ ಹೋಗುವ ವೇಗ ಬೇರೆ ಬೇರೆ. ನಿಮ್ಮ ಪ್ರಶ್ನೆಗೆ ಉತ್ತರ ಹೆಚ್ಚುಕಡಿಮೆ ಅಲ್ಲೇ ಇದೆ.

ಮೈಯಲ್ಲಿರುವ ಕ್ರಿಯೇಟಿನ್‌ನ ಬಹುಪಾಲು, ಸುಮಾರು ಶೇ. 95ರಷ್ಟು, ಮೈಕೈ ಸ್ನಾಯುಗಳಲ್ಲೇ ಕೂತಿರುತ್ತದೆ. ಲೋಡಿಂಗ್, ಅಂದರೆ ನಿಮ್ಮ ಹಾಗೆ ಮೊದಲ ಕೆಲವು ದಿನ 20 ಗ್ರಾಂನಂತೆ ತೆಗೆದುಕೊಳ್ಳುವುದು, ಮಾಡಿದಾಗ ಆ ದಾಸ್ತಾನು ತುಂಬುತ್ತದೆ. ನಿಲ್ಲಿಸಿದ ಮೇಲೆ ಅದು ಮೊದಲಿನ ಮಟ್ಟಕ್ಕೆ ಇಳಿಯಲು ನಾಲ್ಕರಿಂದ ಆರು ವಾರ ಬೇಕು. ಅಂದರೆ ನಿಮಗೆ ಹಾಯೆನಿಸಿದ ಆ ಮೂರನೇ ದಿನವೂ ನಿಮ್ಮ ಸ್ನಾಯುಗಳಲ್ಲಿ ಕ್ರಿಯೇಟಿನ್ ಹತ್ತಿರ ಹತ್ತಿರ ತುಂಬಿಯೇ ಇತ್ತು.

ಪ್ರೀ-ವರ್ಕೌಟ್ ಪುಡಿಯ ಕಥೆ ಬೇರೆ. ಅದರ ಮುಖ್ಯ ಸರಕು ಸಾಮಾನ್ಯವಾಗಿ ಕೆಫೀನ್. ಒಂದು ಸ್ಕೂಪ್‌ನಲ್ಲಿ 150ರಿಂದ 300 ಮಿಲಿಗ್ರಾಂ ಇರುವುದು ಮಾಮೂಲು. ನಿಮ್ಮದರಲ್ಲಿ 200 ಇದೆ ಎಂದುಕೊಳ್ಳೋಣ. ಕೆಫೀನ್ ಅರ್ಧಕ್ಕೆ ಇಳಿಯಲು ಸರಾಸರಿ ಐದು ಗಂಟೆ ಬೇಕು. ಸಂಜೆ 6ಕ್ಕೆ ಕುಡಿದರೆ ರಾತ್ರಿ 11ಕ್ಕೆ, ನೀವು ಮಲಗುವ ಹೊತ್ತಿಗೆ, ಇನ್ನೂ 100 ಮಿಲಿಗ್ರಾಂ ಮೈಯಲ್ಲಿ ಓಡಾಡುತ್ತಿರುತ್ತದೆ. ಕೆಲವರಲ್ಲಿ ಇದು ಇನ್ನೂ ನಿಧಾನ. ಮಧ್ಯಾಹ್ನದ ಕಾಫಿಯೋ ಟೀಯೋ ಇದ್ದರೆ ಅದೂ ಇದಕ್ಕೆ ಸೇರುತ್ತದೆ. ಆದರೆ ಕುಡಿಯುವುದು ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಮೈಯೆಲ್ಲ ಖಾಲಿ. ಹಾಗಾಗಿ ಮೂರು ದಿನಕ್ಕೆ ಸರಿಹೋಗಿದ್ದು ಕ್ರಿಯೇಟಿನ್‌ಗಿಂತ ಪ್ರೀ-ವರ್ಕೌಟ್ ಕಡೆಗೇ ಜಾಸ್ತಿ ಬೆರಳು ತೋರಿಸುತ್ತದೆ.

ಇದು ಸಾಬೀತು ಅಂತಲ್ಲ. ಬಡಿತ ತಪ್ಪಿ ಧಡ್ ಎನ್ನುವುದು ಹೆಚ್ಚಾಗಿ ಹೊತ್ತಿಗೆ ಮುಂಚೆ ಬಂದ ಒಂದು ಹೆಚ್ಚುವರಿ ಬಡಿತ. ಅದರ ನಂತರ ಹೃದಯ ಒಂದು ಕ್ಷಣ ತಡೆದು, ಮುಂದಿನ ಬಡಿತ ಬಲವಾಗಿ ಹೊಡೆಯುತ್ತದೆ. ಆರೋಗ್ಯವಾಗಿರುವವರಲ್ಲೂ ಇದು ಬಂದು ಹೋಗುತ್ತಿರುತ್ತದೆ. ನಿದ್ದೆಗೆಟ್ಟಾಗ, ಒತ್ತಡ ಇದ್ದಾಗ ಜಾಸ್ತಿ. ತಾನಾಗಿಯೇ ಕಡಿಮೆಯಾದದ್ದು ನಿಮ್ಮ ಆ ಮೂರು ದಿನಕ್ಕೆ ಬಂದು ಕೂತಿರಲೂಬಹುದು.

ಕ್ರಿಯೇಟಿನ್ ಬಗ್ಗೆ ಗೊತ್ತಿರುವುದನ್ನೂ ಹೇಳಿಬಿಡುತ್ತೇನೆ. ಆರೋಗ್ಯವಂತರ ಮೇಲೆ ನಡೆದ ಪ್ರಯೋಗಗಳಲ್ಲಿ ಅದು ಎದೆಬಡಿತದ ಲಯ ಕೆಡಿಸುತ್ತದೆ ಎಂದು ಕಂಡುಬಂದಿಲ್ಲ. ಲೋಡಿಂಗ್ ಹೊತ್ತಿನಲ್ಲಿ ಒಬ್ಬ ಯುವಕನಿಗೆ ಏಟ್ರಿಯಲ್ ಫೈಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಬಡಿಯುವ ತೊಂದರೆ, ಬಂದದ್ದು ವೈದ್ಯಕೀಯ ಪತ್ರಿಕೆಯೊಂದರಲ್ಲಿ ದಾಖಲಾಗಿದೆ. ಒಬ್ಬರ ಉದಾಹರಣೆಯಿಂದ ಕಾರಣ ತೀರ್ಮಾನ ಮಾಡಲು ಆಗುವುದಿಲ್ಲ. ಹಾಗಂತ ಡಾಕ್ಟರಿಗೆ ಹೇಳದೇ ಇರುವುದೂ ಸರಿಯಲ್ಲ. ಕ್ರಿಯೇಟಿನ್‌ನಿಂದ ಬಡಿತ ತಪ್ಪಲು ಇನ್ನೊಂದು ದಾರಿಯೂ ಇದೆ. 20 ಗ್ರಾಂನಂಥ ದೊಡ್ಡ ಪ್ರಮಾಣಕ್ಕೆ ಕೆಲವರಿಗೆ ಭೇದಿಯಾಗುತ್ತದೆ. ಭೇದಿಯಲ್ಲಿ ಪೊಟ್ಯಾಶಿಯಂ ಹೊರಗೆ ಹೋಗುತ್ತದೆ. ಪೊಟ್ಯಾಶಿಯಂ ಇಳಿದರೆ ಬಡಿತ ತಪ್ಪುವುದು ಹೆಚ್ಚಬಹುದು. ಆ ಐದು ದಿನ ಹೊಟ್ಟೆ ಕೆಟ್ಟಿತ್ತಾ? ಇದನ್ನು ಮರೆಯದೆ ಹೇಳಿ.

ಡಾಕ್ಟರ ಹತ್ತಿರ "ಸಪ್ಲಿಮೆಂಟ್ ತಗೋತಿದ್ದೆ" ಎಂದಷ್ಟೇ ಹೇಳಿದರೆ ಅವರಿಗೆ ಏನೂ ಸಿಗುವುದಿಲ್ಲ. ಎರಡೂ ಡಬ್ಬಿಗಳನ್ನೇ ತೆಗೆದುಕೊಂಡು ಹೋಗಿ, ಅಥವಾ ಲೇಬಲ್‌ನ ಫೋಟೋ ತೋರಿಸಿ. ಪ್ರೀ-ವರ್ಕೌಟ್‌ನಲ್ಲಿ ಕೆಫೀನ್ ಜೊತೆಗೆ ಸಿನೆಫ್ರಿನ್, ಯೋಹಿಂಬಿನ್‌ನಂಥವು ಇರಬಹುದು. ಅವೂ ಬಡಿತ ಏರಿಸುವಂಥವೇ. "ಬ್ಲೆಂಡ್" ಎಂದು ಹೆಸರಿಟ್ಟು ಯಾವುದು ಎಷ್ಟಿದೆ ಎಂದು ಹೇಳದ ಲೇಬಲ್ ಆಗಿದ್ದರೆ ಅದನ್ನೂ ತೋರಿಸಿ. ಆಮೇಲೆ ಒಂದು ಚೀಟಿಯಲ್ಲಿ ತಾರೀಖು ಹಾಕಿಕೊಳ್ಳಿ. ಕ್ರಿಯೇಟಿನ್ ಶುರುವಾದ ದಿನ, 20 ಗ್ರಾಂ ಎಲ್ಲಿಯವರೆಗೆ, ಪ್ರೀ-ವರ್ಕೌಟ್ ಯಾವಾಗಿನಿಂದ, ಎಷ್ಟು ಗಂಟೆಗೆ, ಮೊದಲ ಸಲ ಬಡಿತ ತಪ್ಪಿದ್ದು ಯಾವತ್ತು, ನಿಲ್ಲಿಸಿದ್ದು ಯಾವತ್ತು. ನೆಗಡಿ ಮಾತ್ರೆ, ಉಬ್ಬಸದ ಇನ್‌ಹೇಲರ್, ಥೈರಾಯ್ಡ್ ಮಾತ್ರೆ, ಸಿಗರೇಟು, ಮದ್ಯ, ಯಾವುದಿದ್ದರೂ ಅದೇ ಚೀಟಿಗೆ ಸೇರಿಸಿ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ ಅವರು ಕೇಳುವ ಮುಂಚೆ ನೀವೇ ಹೇಳಿ.

ಬಡಿತ ಹೇಗಿತ್ತು ಎಂದು ಬಾಯಲ್ಲಿ ವಿವರಿಸುವುದು ಕಷ್ಟ. ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿ. ನಡುನಡುವೆ ಒಂದು ತಪ್ಪುವುದಾ, ಫಟ್ ಅಂತ ಶುರುವಾಗಿ ಫಟ್ ಅಂತ ನಿಲ್ಲುವ ವೇಗದ ಓಟವಾ, ಯಾವ ಲೆಕ್ಕಕ್ಕೂ ಸಿಗದ ಅಡ್ಡಾದಿಡ್ಡಿ ಬಡಿತವಾ? ಈ ಮೂರಕ್ಕೂ ಡಾಕ್ಟರು ಹಿಡಿಯುವ ದಾರಿ ಬೇರೆ. ಮತ್ತೆ ಬಂದರೆ ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಡಿ. ನಿಮ್ಮ ವಾಚಿನಲ್ಲಿ ಇಸಿಜಿ ಇದ್ದರೆ ಆ ಹೊತ್ತಿನಲ್ಲೇ ತೆಗೆದಿಟ್ಟುಕೊಳ್ಳಿ.

ಕ್ಲಿನಿಕ್‌ನಲ್ಲಿ ಮಾಮೂಲಿ ಇಸಿಜಿ ಹಿಡಿಯುವುದು ಸುಮಾರು 10 ಸೆಕೆಂಡಿನ ಬಡಿತವನ್ನು. ರಾತ್ರಿ ಬರುವ ತೊಂದರೆ ಹಗಲಿನ ಆ 10 ಸೆಕೆಂಡಿಗೆ ಸಿಗದೇ ಹೋಗಬಹುದು. ಆದರೂ ಹುಟ್ಟಿನಿಂದ ಬಂದ ಕೆಲವು ದೋಷಗಳನ್ನು ಅದು ತೋರಿಸುತ್ತದೆ, ಹಾಗಾಗಿ ಮಾಡಿಸಿಕೊಳ್ಳಲೇಬೇಕು. ಬಡಿತ ದಿನಾ ತಪ್ಪುತ್ತಿದ್ದರೆ ಮೈಗೆ ಕಟ್ಟಿಕೊಂಡೇ ಓಡಾಡುವ 24 ಗಂಟೆಯ ಹೋಲ್ಟರ್ ಬಗ್ಗೆ ಕೇಳಿ. ಅಪರೂಪಕ್ಕೆ ಬರುತ್ತಿದ್ದರೆ ಇನ್ನೂ ಹೆಚ್ಚು ದಿನದ ರೆಕಾರ್ಡಿಂಗ್ ಬೇಕಾಗಬಹುದು.

ರಕ್ತ ಪರೀಕ್ಷೆಗೆ ಬರೆದುಕೊಟ್ಟರೆ ಒಂದು ಮಾತು ತಪ್ಪದೆ ಹೇಳಿ: "ಇಂಥ ದಿನದವರೆಗೆ ಕ್ರಿಯೇಟಿನ್ ತೆಗೆದುಕೊಂಡಿದ್ದೆ." ಕ್ರಿಯೇಟಿನ್ ಮೈಯಲ್ಲಿ ಕರಗಿ ಕ್ರಿಯಾಟಿನಿನ್ ಆಗುತ್ತದೆ. ಕಿಡ್ನಿ ಹೇಗಿದೆ ಎಂದು ಅಳೆಯುವುದು ಆ ಕ್ರಿಯಾಟಿನಿನ್ ನೋಡಿಯೇ. ಕಿಡ್ನಿ ಚೆನ್ನಾಗಿದ್ದರೂ ಅಂಕಿ ಸ್ವಲ್ಪ ಏರಿ, ಇಲ್ಲದ ಕಾಯಿಲೆ ಇದೆ ಎಂದು ಕಾಣಬಹುದು. ಅನುಮಾನ ಉಳಿದರೆ ಸಿಸ್ಟಾಟಿನ್ ಸಿ ಎಂಬ ಪರೀಕ್ಷೆ ಇದೆ, ಅದಕ್ಕೆ ಕ್ರಿಯೇಟಿನ್ ಅಡ್ಡ ಬರುವುದಿಲ್ಲ. ಹಾಗೆಯೇ ಹಿಂದಿನ ದಿನ ಭಾರ ಎತ್ತಿದ್ದರೆ ಅದನ್ನೂ ಹೇಳಿ. ಸ್ನಾಯು ದಣಿದರೆ ಸಿಕೆ ಎಂಬ ಅಂಕಿ ಜೋರಾಗಿ ಏರುತ್ತದೆ, ಹೃದಯದ್ದೇನೋ ಎಂದು ಗಾಬರಿ ಹುಟ್ಟಿಸುತ್ತದೆ.

ಬೈಗುಳದ ಭಯಕ್ಕೆ ಯಾವ ಡಬ್ಬಿಯನ್ನೂ ಮುಚ್ಚಿಡಬೇಡಿ, ದಯವಿಟ್ಟು. ಎಲ್ಲ ನೋಡಿ ಡಾಕ್ಟರು ಸರಿ ಎಂದರೆ ಮಾತ್ರ, ಬೇರೇನೂ ಬೆರೆಸದ ಕ್ರಿಯೇಟಿನ್ ಮಾನೋಹೈಡ್ರೇಟ್ ಒಂದನ್ನೇ ದಿನಕ್ಕೆ 3 ಗ್ರಾಂ ಶುರು ಮಾಡಿ. ಲೋಡಿಂಗ್ ಬೇಡ. ಸುಮಾರು ನಾಲ್ಕು ವಾರಕ್ಕೆ ಸ್ನಾಯು ಹೇಗೂ ಅಷ್ಟೇ ತುಂಬುತ್ತದೆ. ಆ ನಾಲ್ಕು ವಾರ ಪ್ರೀ-ವರ್ಕೌಟ್ ಮುಟ್ಟದಿದ್ದರೆ, ಬಡಿತ ಮತ್ತೆ ತಪ್ಪಿತಾ ಇಲ್ಲವಾ ಎಂಬುದರಿಂದ ನಿಮಗೂ ಡಾಕ್ಟರಿಗೂ ಈ ಸಲ ಒಂದು ಅರ್ಥವಿರುವ ಸುಳಿವು ಸಿಗುತ್ತದೆ. ತಪ್ಪಿದರೆ ಅವತ್ತೇ ನಿಲ್ಲಿಸಿ, ತಾರೀಖು ಬರೆದುಕೊಂಡು ಅವರ ಹತ್ತಿರ ಮತ್ತೆ ಹೋಗಿ.

– ಸಂಪಾದಕ