21 ಲಕ್ಷದ ಆಫರ್, 18.9 ಲಕ್ಷದ ಆಫರ್: ಒಂದೇ ಶೀಟಿನಲ್ಲಿ ಹೋಲಿಸುವುದು ಹೇಗೆ?

*ಬೆಂಗಳೂರಿನಲ್ಲೇ ಎರಡು ಆಫರ್ ಬಂದಿವೆ. ಒಂದರ ಸಿಟಿಸಿ 21 ಲಕ್ಷ, ಅದರಲ್ಲಿ ವೇರಿಯಬಲ್ 3 ಲಕ್ಷ, ಜಾಯ್ನಿಂಗ್ ಬೋನಸ್ ಒಂದೂವರೆ ಲಕ್ಷ. ಇನ್ನೊಂದು 18.9 ಲಕ್ಷ, ಬೋನಸ್ ಇಲ್ಲ, ಆದರೆ ಅಪ್ಪ-ಅಮ್ಮನಿಗೂ ಇನ್ಶೂರೆನ್ಸ್ ಇದೆ. ಜುಲೈ 1ಕ್ಕೆ ಸೇರಬೇಕು. ಎರಡು ಲಕ್ಷದ ವ್ಯತ್ಯಾಸ ಬಿಡೋದು ದಡ್ಡತನ ಅಂತ ಮನೇಲಿ ಹೇಳ್ತಿದ್ದಾರೆ. ಎಕ್ಸೆಲ್‌ನಲ್ಲಿ ಹೇಗೆ ಹೋಲಿಸಲಿ? ಎರಡರದ್ದೂ ಬ್ರೇಕಪ್ ಹಾಕಿದ್ದೇನೆ.*

ನೀವು ಹಾಕಿರುವ ಬ್ರೇಕಪ್ ನೋಡಿದರೆ ಆ ಎರಡು ಲಕ್ಷ ಕಾಗದದ ಮೇಲಷ್ಟೇ ಇದೆ. ತಿಂಗಳ ಕೊನೆಗೆ ಕೈಗೆ ಬರುವ ಸಂಬಳ ಎರಡನೇ ಕಂಪನಿಯಲ್ಲೇ ಜಾಸ್ತಿ, ಅದೂ ಸುಮಾರು 19,600 ರೂಪಾಯಿ. ಇದು ಹೇಗೆಂದು ತಿಳಿಯಬೇಕಾದರೆ ಸಿಟಿಸಿ ಎಂಬ ಒಟ್ಟು ಮೊತ್ತವನ್ನು ಶೀಟಿನಲ್ಲಿ ಬರೆಯಲೇಬೇಡಿ. ಪ್ರತಿ ಕಂಪನಿ ಅದರೊಳಗೆ ತನಗೆ ಬೇಕಾದ್ದನ್ನು ತುಂಬಿರುತ್ತದೆ. ಅದನ್ನು ಬಿಚ್ಚಿ ಸಾಲುಸಾಲಾಗಿ ಇಟ್ಟರೆ ಹೀಗಾಗುತ್ತದೆ:

| | ಮೊದಲ ಆಫರ್ | ಎರಡನೇ ಆಫರ್ |
|---|---|---|
| ಫಿಕ್ಸೆಡ್ (ಬೇಸಿಕ್ + ಎಚ್‌ಆರ್‌ಎ + ಅಲೊವೆನ್ಸ್) | 15,00,000 | 17,00,000 |
| ಅದರಲ್ಲಿ ಬೇಸಿಕ್ | 7,50,000 | 8,50,000 |
| ಕಂಪನಿಯ ಪಿಎಫ್ ಪಾಲು | 90,000 | 21,600 |
| ಗ್ರಾಚ್ಯುಟಿ | 36,075 | ತೋರಿಸಿಲ್ಲ |
| ಇನ್ಶೂರೆನ್ಸ್ ಪ್ರೀಮಿಯಂ | 23,925 | ತೋರಿಸಿಲ್ಲ |
| ವೇರಿಯಬಲ್ (ಪೂರ್ತಿ ಬಂದರೆ) | 3,00,000 | 1,70,000 |
| ಜಾಯ್ನಿಂಗ್ ಬೋನಸ್ | 1,50,000 | 0 |
| ಒಟ್ಟು | 21,00,000 | 18,91,600 |

ಮೊದಲು ಗ್ರಾಚ್ಯುಟಿಯ ಸಾಲನ್ನು ಹೊಡೆದುಹಾಕಿ. 36,075 ಎಂಬುದು ಬೇಸಿಕ್‌ನ 4.81 ಶೇಕಡಾ. ವರ್ಷಕ್ಕೆ ಹದಿನೈದು ದಿನದ ಸಂಬಳವನ್ನು 26 ದಿನದ ತಿಂಗಳಿನ ಲೆಕ್ಕದಲ್ಲಿ ಹಿಡಿದಾಗ ಬರುವ ಸಂಖ್ಯೆ ಅದು. ಕಾಯಂ ನೌಕರಿಯಲ್ಲಿ ಐದು ವರ್ಷ ತುಂಬಿಸದೆ ಬಿಟ್ಟರೆ ಸಾಮಾನ್ಯವಾಗಿ ಒಂದು ಪೈಸೆಯೂ ಸಿಗುವುದಿಲ್ಲ. ತುಂಬಿಸಿದರೆ ಎರಡನೇ ಕಂಪನಿಯೂ ಕಾನೂನಿನಂತೆ ಕೊಡಲೇಬೇಕು, ಆಫರ್ ಲೆಟರಿನಲ್ಲಿ ಬರೆದಿರಲಿ ಬಿಡಲಿ. ಆದ್ದರಿಂದ ಇದು ಮೊದಲ ಕಂಪನಿ ಕೊಡುತ್ತಿರುವ ಹೆಚ್ಚುವರಿ ಹಣವಲ್ಲ. ಪ್ರೀಮಿಯಂ ಸಾಲನ್ನೂ ತೆಗೆಯಿರಿ. ಕಂಪನಿ ಎಷ್ಟು ಕಟ್ಟುತ್ತದೆ ಎನ್ನುವುದು ನಿಮಗೆ ಬೇಕಿಲ್ಲ. ಆ ಪಾಲಿಸಿ ಇಲ್ಲದಿದ್ದರೆ ನೀವು ಹೊರಗೆ ಎಷ್ಟು ಕಟ್ಟಬೇಕಿತ್ತು ಎನ್ನುವುದು ಬೇಕು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಪಿಎಫ್ ಹಾಗಲ್ಲ, ಅದು ನಿಮ್ಮದೇ ದುಡ್ಡು. ಮೊದಲ ಕಂಪನಿ ಪೂರ್ತಿ ಬೇಸಿಕ್‌ನ ಮೇಲೆ 12 ಶೇಕಡಾ ಕಟ್ಟುತ್ತದೆ. ಎರಡನೆಯದು 15,000ದ ಮಿತಿಯ ಮೇಲೆ ಮಾತ್ರ, ಅಂದರೆ ತಿಂಗಳಿಗೆ 1,800. ನಿಮ್ಮ ಸಂಬಳದಿಂದಲೂ ಅಷ್ಟಷ್ಟೇ ಕಡಿತವಾಗುತ್ತದೆ. ಕೈಗೆ ಬರುವ ಸಂಬಳದ ಅಂತರ ದೊಡ್ಡದಾಗಿ ಕಾಣಲು ಇದೂ ಒಂದು ಕಾರಣ. ಹಾಗಾಗಿ ತಿಂಗಳ ಟೇಕ್-ಹೋಮ್ ಮಾತ್ರ ನೋಡಿ ತೀರ್ಮಾನಿಸಿದರೆ ಮೊದಲ ಕಂಪನಿಗೆ ಅನ್ಯಾಯವಾಗುತ್ತದೆ. ಶೀಟಿನಲ್ಲಿ ನಿಮ್ಮ ಪಾಲಿನ ಪಿಎಫ್ ಕಳೆಯಬೇಡಿ, ಕಂಪನಿಯ ಪಾಲನ್ನು ಕೂಡಿಸಿ.

ಈಗ ಶೀಟು. ಮೊದಲ ವರ್ಷಕ್ಕೆ B ಮತ್ತು C ಕಾಲಂ, ಎರಡನೇ ವರ್ಷಕ್ಕೆ D ಮತ್ತು E. ಒಂದೇ ವರ್ಷದ ಹೋಲಿಕೆ ಯಾವಾಗಲೂ ಬೋನಸ್ ಕೊಡುವ ಕಂಪನಿಯ ಕಡೆ ವಾಲುತ್ತದೆ, ಅದಕ್ಕೇ ಎರಡು ವರ್ಷ. ಸಾಲು 2ರಲ್ಲಿ ಫಿಕ್ಸೆಡ್, 3ರಲ್ಲಿ ವೇರಿಯಬಲ್, 4ರಲ್ಲಿ ಅದರಲ್ಲಿ ನಿಜಕ್ಕೂ ಬರಬಹುದಾದ ಶೇಕಡಾವಾರು, 5ರಲ್ಲಿ ವರ್ಷದಲ್ಲಿ ಎಷ್ಟು ತಿಂಗಳಿಗೆ ಅದು ಅನ್ವಯ, 6ರಲ್ಲಿ ಜಾಯ್ನಿಂಗ್ ಬೋನಸ್, 7ರಲ್ಲಿ ಕಂಪನಿಯ ಪಿಎಫ್ ಪಾಲು. ಉಳಿದದ್ದು ಲೆಕ್ಕ:

```
B8:  =B2+B3*B4*B5+B6-75000
B9:  =1.04*5%*(MAX(0,B8-400000)+MAX(0,B8-800000)+MAX(0,B8-1200000)+MAX(0,B8-1600000)+MAX(0,B8-2000000)+MAX(0,B8-2400000))
B10: =B8+75000-B9+B7
```

B8 ತೆರಿಗೆ ಬೀಳುವ ಮೊತ್ತ. 75,000 ಸ್ಟ್ಯಾಂಡರ್ಡ್ ಡಿಡಕ್ಷನ್. B9ರಲ್ಲಿ ಇರುವುದು 2025-26ರ ಹೊಸ ಪದ್ಧತಿಯ ಸ್ಲ್ಯಾಬ್. ಪ್ರತಿ ನಾಲ್ಕು ಲಕ್ಷಕ್ಕೆ ದರ 5 ಶೇಕಡಾ ಏರುವುದರಿಂದ ಸೂತ್ರ ಇಷ್ಟು ಚಿಕ್ಕದಾಗಿದೆ, 1.04 ಎನ್ನುವುದು ಸೆಸ್. B8 ಹನ್ನೆರಡು ಲಕ್ಷಕ್ಕಿಂತ ಕೆಳಗಿದ್ದರೆ ರಿಬೇಟ್ ಬರುತ್ತದೆ, ಅಲ್ಲಿ ಮತ್ತು ಅದರ ಆಸುಪಾಸಿನಲ್ಲಿ ಈ ಸೂತ್ರ ಹೊಂದುವುದಿಲ್ಲ. ನಿಮಗೆ ಆ ತೊಂದರೆ ಇಲ್ಲ. ಪ್ರೊಫೆಷನಲ್ ಟ್ಯಾಕ್ಸ್ ಎರಡೂ ಕಡೆ ಒಂದೇ, ಬಿಟ್ಟಿದ್ದೇನೆ.

ಸಾಲು 5ರಲ್ಲಿ ಬಹಳ ಜನ ಎಡವುತ್ತಾರೆ. ಜುಲೈ 1ಕ್ಕೆ ಸೇರಿದರೆ, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ ನಿಮಗೆ ಸಿಗುವುದು ಒಂಬತ್ತು ತಿಂಗಳಿನ ವೇರಿಯಬಲ್ ಮಾತ್ರ. ಅಲ್ಲಿ `9/12` ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ತಾರೀಖು ಎಂದುಕೊಳ್ಳುತ್ತದೆ, ಒಳಗೆ ನಲವತ್ತು ಸಾವಿರದ ಮೇಲಿನ ಸಂಖ್ಯೆ ಕೂರುತ್ತದೆ, ವೇರಿಯಬಲ್ ಕೋಟಿಗಟ್ಟಲೆ ಆಗುತ್ತದೆ. `=9/12` ಎಂದೇ ಬರೆಯಿರಿ. ಎರಡನೇ ವರ್ಷಕ್ಕೆ 1.

ಇನ್ನು ಸಾಲು 4, ಇಡೀ ಶೀಟಿನ ಜೀವ ಇರುವುದು ಇಲ್ಲಿ. ವೇರಿಯಬಲ್ ಪೂರ್ತಿ ಬರುತ್ತದೆ ಎಂದು ನೇಮಕಾತಿಯವರು ಬಾಯಲ್ಲಿ ಹೇಳುವುದಕ್ಕೆ ಬೆಲೆ ಕಟ್ಟಬೇಡಿ. "ಕಳೆದ ಮೂರು ವರ್ಷ ಈ ಟೀಮಿನಲ್ಲಿ, ಈ ಲೆವೆಲ್‌ನವರಿಗೆ ಸರಾಸರಿ ಎಷ್ಟು ಶೇಕಡಾ ಬಂದಿದೆ?" ಎಂದು ಮೇಲ್‌ನಲ್ಲಿ ಕೇಳಿ. ಕಂಪನಿಯ ಗುರಿ ಮತ್ತು ನಿಮ್ಮ ರೇಟಿಂಗ್ ಎರಡನ್ನೂ ಗುಣಿಸಿ ಕೊಡುತ್ತಾರೋ ಎಂದೂ ಕೇಳಿ. ಕಂಪನಿ 80 ಶೇಕಡಾ, ನಿಮ್ಮ ರೇಟಿಂಗ್ 90 ಶೇಕಡಾ ಆದರೆ ಬರುವುದು 72 ಮಾತ್ರ. ಹಣ ಕೊಡುವ ದಿನ ನೀವು ನೌಕರಿಯಲ್ಲಿ ಇರಲೇಬೇಕು ಎಂಬ ಷರತ್ತು ಹೆಚ್ಚಾಗಿ ಇರುತ್ತದೆ. ವಾರ್ಷಿಕ ವೇರಿಯಬಲ್ ಜೂನ್‌ನಲ್ಲಿ ಕೊಡುವುದಾದರೆ, ಮೇ ತಿಂಗಳಲ್ಲಿ ಬಿಟ್ಟವರಿಗೆ ಇಡೀ ವರ್ಷದ್ದು ಹೋಯಿತು. ನಿಮ್ಮ ಎರಡನೇ ಆಫರ್‌ನಲ್ಲಿ ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ ಎಂದಿದೆ, ಅಲ್ಲಿ ಕಳೆದುಕೊಳ್ಳುವುದು ಹೆಚ್ಚೆಂದರೆ ಒಂದು ಕ್ವಾರ್ಟರ್‌ನದು. ಉತ್ತರ ಬರುವವರೆಗೆ ನಾನು ಮೊದಲನೆಯದಕ್ಕೆ `70%`, ಎರಡನೆಯದಕ್ಕೆ `90%` ಹಾಕಿದ್ದೇನೆ. ಇದು ಊಹೆ, ಬದಲಾಯಿಸಿ.

ಹೀಗೆ ಹಾಕಿದಾಗ ತೆರಿಗೆ ಕಳೆದು, ಪಿಎಫ್ ಕೂಡಿಸಿ, ಮೊದಲ ವರ್ಷ ಮೊದಲ ಆಫರ್ 17,45,140, ಎರಡನೆಯದು 16,82,482. ಬೋನಸ್ ಬಲದಿಂದ ಮೊದಲನೆಯದು 62,658 ಮುಂದೆ. ಎರಡನೇ ವರ್ಷ ಬೋನಸ್ ಇಲ್ಲ: 16,67,920 ಎದುರಿಗೆ 17,12,776, ಈಗ ಎರಡನೆಯದು 44,856 ಮುಂದೆ. ಎರಡೂ ವರ್ಷ ಸೇರಿಸಿದರೆ ಮೊದಲ ಆಫರ್‌ಗೆ ಉಳಿಯುವ ಮುನ್ನಡೆ 17,802 ಮಾತ್ರ. ಮೂರನೇ ವರ್ಷದಲ್ಲಿ ಅದೂ ಕರಗುತ್ತದೆ. (ಜುಲೈನಿಂದ ಜೂನ್‌ವರೆಗಿನ ಸಂಬಳಕ್ಕೆ ಒಂದೇ ವರ್ಷದ ತೆರಿಗೆ ಹಾಕಿದ್ದೇನೆ. ನಿಜದಲ್ಲಿ ಅದು ಎರಡು ಆರ್ಥಿಕ ವರ್ಷಕ್ಕೆ ಹಂಚಿಹೋಗುತ್ತದೆ, ಆದರೆ ಹೋಲಿಕೆಗೆ ಇಷ್ಟು ಸಾಕು.) ಇನ್‌ಕ್ರಿಮೆಂಟನ್ನು ನಾನು ಸೇರಿಸಿಲ್ಲ. ಸೇರಿಸಿದರೆ ಅಂತರ ಇನ್ನೂ ಎರಡನೆಯದರ ಕಡೆಗೇ ಹೋಗುತ್ತದೆ: 8 ಶೇಕಡಾ ಏರಿಕೆ ಎಂದರೆ 15 ಲಕ್ಷದ ಮೇಲೆ 1,20,000, 17 ಲಕ್ಷದ ಮೇಲೆ 1,36,000.

ಎರಡನೇ ವರ್ಷದ ಕಾಲಂನಲ್ಲಿ ಸಾಲು 4ನ್ನು ಎರಡೂ ಕಡೆ `100%` ಮಾಡಿ ನೋಡಿ. ಮೊದಲ ಆಫರ್ 12,960 ಮುಂದೆ. ಎರಡೂ ಕಡೆ ಸೊನ್ನೆ ಮಾಡಿ ನೋಡಿ. ಎರಡನೆಯದು 99,100 ಮುಂದೆ. ಅಂದರೆ ಎಲ್ಲ ಚೆನ್ನಾಗಿ ನಡೆದರೆ ಸಿಗುವ ಲಾಭ ತಿಂಗಳಿಗೆ ಸಾವಿರ ರೂಪಾಯಿ, ಕೆಟ್ಟರೆ ಆಗುವ ನಷ್ಟ ಒಂದು ಲಕ್ಷ. ಎರಡನೆಯದನ್ನು 90ರಲ್ಲೇ ಬಿಟ್ಟು, ಮೊದಲನೆಯದರಲ್ಲಿ ಎಷ್ಟು ಶೇಕಡಾ ಬಂದರೆ ಸಮ ಆಗುತ್ತದೆ ಎಂದು ಎಕ್ಸೆಲ್‌ನ Goal Seek ಕೇಳಿದರೆ ಸುಮಾರು 89 ಎನ್ನುತ್ತದೆ. ಮೊದಲ ಕಂಪನಿಯ ಮೇಲ್ ಉತ್ತರದಲ್ಲಿ ಮೂರು ವರ್ಷವೂ 89ಕ್ಕಿಂತ ಮೇಲಿದ್ದರೆ ಅದರ ಬಗ್ಗೆ ಯೋಚಿಸಿ. ಉತ್ತರವನ್ನೇ ಕೊಡದಿದ್ದರೆ `60%` ಹಾಕಿಕೊಳ್ಳಿ.

ಬೋನಸ್ ಬಗ್ಗೆ ಒಂದು ವಿಷಯ ಶೀಟಿನಲ್ಲಿ ಕಾಣುವುದಿಲ್ಲ. ಒಂದೂವರೆ ಲಕ್ಷದಲ್ಲಿ 30,290 ತೆರಿಗೆಗೆ ಹೋಗಿ ನಿಮಗೆ ಬರುವುದು 1,19,710. ನಿಗದಿತ ಅವಧಿಯೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಎಂದು ಬರೆದಿರುತ್ತಾರೆ, ಮತ್ತು ಕೇಳುವುದು ಸಾಮಾನ್ಯವಾಗಿ ಪೂರ್ತಿ 1,50,000. ಅದೇ ಆರ್ಥಿಕ ವರ್ಷದೊಳಗೆ ಬಿಟ್ಟರೆ ಸಂಬಳದ ಲೆಕ್ಕದಲ್ಲಿ ಸರಿಹೊಂದಿಸಲು ದಾರಿ ಇರುತ್ತದೆ. ಮಾರ್ಚ್ ದಾಟಿದ ಮೇಲೆ ಆ ತೆರಿಗೆ ಹಿಂದಕ್ಕೆ ಪಡೆಯುವುದು ದೊಡ್ಡ ತಲೆನೋವು. ಆಫರ್ ಲೆಟರಿನಲ್ಲಿ ಮೂರು ಸಂಗತಿ ಹುಡುಕಿ: ಅವಧಿ 12 ತಿಂಗಳೋ 24 ತಿಂಗಳೋ, ವಾಪಸ್ ಕೊಡುವುದು ಪೂರ್ತಿಯೋ ಉಳಿದ ತಿಂಗಳಿಗೆ ತಕ್ಕಷ್ಟೋ, ಕಂಪನಿಯೇ ನಿಮ್ಮನ್ನು ತೆಗೆದರೂ ಕೊಡಬೇಕೋ. ಮೂರನೆಯದನ್ನು ಬರೆಯದೆ ಬಿಟ್ಟಿದ್ದರೆ ಸಹಿ ಮಾಡುವ ಮೊದಲು ಬರೆಸಿಕೊಳ್ಳಿ. ಸಾಧ್ಯವಾದರೆ ಬೋನಸ್ ಬೇಡ, ಅದರಲ್ಲಿ 75,000 ಫಿಕ್ಸೆಡ್‌ಗೆ ಸೇರಿಸಿ ಎಂದು ಕೇಳಿ. ಕಂಪನಿಗಳು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ, ಏಕೆಂದರೆ ಬೋನಸ್ ಒಂದು ಸಲದ ಖರ್ಚು, ಫಿಕ್ಸೆಡ್ ಪ್ರತಿ ವರ್ಷದ್ದು.

ಕೊನೆಗೆ ಇನ್ಶೂರೆನ್ಸ್, ಸಾಲು 11. ಮೊದಲ ಕಂಪನಿಯ ಪಾಲಿಸಿ ನೀವು, ಹೆಂಡತಿ, ಮಕ್ಕಳಿಗಷ್ಟೇ. ಎರಡನೆಯದರಲ್ಲಿ ಅಪ್ಪ-ಅಮ್ಮ ಸೇರುತ್ತಾರೆ. ಅವರಿಬ್ಬರ ವಯಸ್ಸು ಹಾಕಿ ಅಷ್ಟೇ ಮೊತ್ತದ ಪಾಲಿಸಿಗೆ ಆನ್‌ಲೈನ್‌ನಲ್ಲಿ ಕೋಟ್ ತೆಗೆಯಿರಿ, ಬಂದ ಸಂಖ್ಯೆಯನ್ನು ಎರಡನೇ ಆಫರ್‌ನ ಕಾಲಂಗೆ ಕೂಡಿಸಿ. ಆದರೆ ಕಂಪನಿ ಪೋಷಕರ ಪ್ರೀಮಿಯಂ ಅನ್ನು ತಾನೇ ಕಟ್ಟುತ್ತದೋ, ನಿಮ್ಮ ಸಂಬಳದಿಂದ ಕಡಿತ ಮಾಡುತ್ತದೋ ಮೊದಲು ಕೇಳಿ. ಕಡಿತವಾಗುವುದಾದರೆ ಅಷ್ಟನ್ನು ಕಳೆಯಿರಿ. ವರ್ಷಕ್ಕೆ 30,000 ಎಂದೇ ಇಟ್ಟುಕೊಂಡರೂ ಎರಡು ವರ್ಷದ ಲೆಕ್ಕ ಮಗುಚಿ ಎರಡನೇ ಆಫರ್ 42,198 ಮುಂದೆ ಬರುತ್ತದೆ. ಅಪ್ಪನಿಗೋ ಅಮ್ಮನಿಗೋ ಈಗಾಗಲೇ ಶುಗರ್, ಬಿಪಿ ಇದ್ದರೆ ಇದರ ಬೆಲೆ ಕೋಟ್‌ನಲ್ಲಿ ಕಾಣುವುದಕ್ಕಿಂತ ಹೆಚ್ಚು. ಹೊರಗೆ ಹೊಸದಾಗಿ ತೆಗೆದುಕೊಂಡ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು, ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಹೆಚ್ಚಾಗಿ ಮೊದಲ ದಿನದಿಂದಲೇ ಕ್ಲೇಮ್ ಸಿಗುತ್ತದೆ. ನೌಕರಿ ಬಿಟ್ಟ ದಿನ ಅದೂ ನಿಲ್ಲುತ್ತದೆ ಎಂಬುದನ್ನು ಮಾತ್ರ ಆ ಸಾಲಿನ ಪಕ್ಕದ ಕಾಲಂನಲ್ಲಿ ಬರೆದಿಡಿ.