‘ಅವರೂ ನನಗೆ ಕೊಡಬೇಕು’ ಅಂತ ಬರೆದರೆ ಸಾಲದು

ಪ್ರಶ್ನೆ: ಪೀಣ್ಯದಲ್ಲಿ ನನ್ನ ಫ್ಯಾಬ್ರಿಕೇಶನ್ ಶೆಡ್ ಇದೆ. ಶೀಟ್ ಕೊಟ್ಟವರು ₹2,10,000 ಬಾಕಿ ಅಂತ 2025ರ ಜೂನ್ 3ಕ್ಕೆ ದಾವೆ ಹಾಕಿದ್ದಾರೆ. ಅವರಿಗೆ ಮಾಡಿಕೊಟ್ಟ ಜಾಬ್ ವರ್ಕ್‌ಗೆ ನನಗೂ ₹1,60,000 ಬರಬೇಕು. ಕೆಲಸ ಮುಗಿಸಿ ಬಿಲ್ ಕೊಟ್ಟಿದ್ದು 2022ರ ಜೂನ್ 10. ಸಮನ್ಸ್ ಜುಲೈ 5ಕ್ಕೆ ಬಂತು. ರಿಟನ್ ಸ್ಟೇಟ್‌ಮೆಂಟಲ್ಲಿ ಒಂದು ಸಾಲು ಬರೆದರೆ ಕೋರ್ಟೇ ಕಳೆದುಕೊಳ್ಳುತ್ತೆ ಅಲ್ವಾ?

ಇಲ್ಲ. ಈ ಒಂದು ಸಾಲನ್ನು ನಂಬಿ ಹಣ ಕಳೆದುಕೊಂಡವರನ್ನು ಜಾಸ್ತಿಯೇ ನೋಡಿದ್ದೇನೆ. ಕೋರ್ಟ್ ಪಕ್ಕದ ಟೈಪಿಂಗ್ ಅಂಗಡಿಯಲ್ಲಿ ಯಾರೋ ಹೇಳಿದರು ಅಂತ ಬರುತ್ತಾರೆ. ಅಂಥ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ. ಎಷ್ಟು ಹಣ, ಯಾವ ಬಿಲ್, ಯಾವ ದಿನಾಂಕ ಎಂದು ಬರೆದು, ಅದನ್ನು ಕಳೆಯಬೇಕು ಅಂತ ಸ್ಪಷ್ಟವಾಗಿ ಕೋರಬೇಕು. ಹೀಗೆ ಅವರ ಬಾಕಿಯಲ್ಲಿ ನಿಮ್ಮದನ್ನು ಕಳೆಯಿರಿ ಅಂತ ಕೇಳೋದು ಸೆಟ್ ಆಫ್; ಅದೇ ಕೇಸಿನಲ್ಲಿ ಅವರ ಮೇಲೆ ನಿಮ್ಮದೇ ದಾವೆ ಹೂಡಿದ ಹಾಗೆ ಕೇಳೋದು ಕೌಂಟರ್ ಕ್ಲೇಮ್. ಕೋರ್ಟ್ ಫೀ ಕೂಡ ಕಟ್ಟಬೇಕು. ಕರ್ನಾಟಕದ 1958ರ ಕೋರ್ಟ್ ಫೀ ಕಾಯ್ದೆ ಪ್ರಕಾರ ಸೆಟ್ ಆಫ್‌ಗೂ ಕೌಂಟರ್ ಕ್ಲೇಮ್‌ಗೂ ದಾವೆಯಂತೆಯೇ ಫೀ.

ನಿಮ್ಮ ವಿಷಯದಲ್ಲಿ ಈ ಎರಡರಲ್ಲಿ ಯಾವುದು ಅನ್ನೋದೇ ಮುಖ್ಯ. ಕಾಲಮಿತಿ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಸೆಟ್ ಆಫ್ ಕೇಳಿದರೆ ವಾದಿ ದಾವೆ ಹಾಕಿದ ದಿನವೇ ನೀವೂ ದಾವೆ ಹಾಕಿದ ಹಾಗೆ. ಕೌಂಟರ್ ಕ್ಲೇಮ್ ಆದರೆ ನೀವು ಅದನ್ನು ಕೋರ್ಟಿಗೆ ಕೊಟ್ಟ ದಿನವೇ ಲೆಕ್ಕ. ನಿಮ್ಮ ಬಿಲ್‌ಗೆ ಇರುವ ಮೂರು ವರ್ಷದ ಕಾಲಮಿತಿ ತುಂಬಿದ್ದು 2025ರ ಜೂನ್ 10ಕ್ಕೆ. ಜೂನ್ 3 ಅದಕ್ಕಿಂತ ಏಳು ದಿನ ಮುಂಚೆ, ಹಾಗಾಗಿ ಸೆಟ್ ಆಫ್ ಉಳಿಯುತ್ತದೆ. ಜುಲೈನಲ್ಲಿ ಹಾಕಿದ ಕೌಂಟರ್ ಕ್ಲೇಮ್ ಅವಧಿ ಮೀರಿದ್ದು. ಎರಡೂ ಕಡೆಯ ಬಾಕಿ ಸಾಬೀತಾದರೆ, ಸೆಟ್ ಆಫ್ ಇದ್ದಾಗ ಅಸಲು ಲೆಕ್ಕದಲ್ಲಿ ಅವರಿಗೆ ಸಿಗೋದು ₹50,000. ಇಲ್ಲದಿದ್ದರೆ ಪೂರ್ತಿ ₹2,10,000.

ಸೆಟ್ ಆಫ್‌ಗೆ ಮೊತ್ತ ಖಚಿತವಾಗಿರಬೇಕು. ಎರಡೂ ಕಡೆ ಅದೇ ಹೆಸರಿನಲ್ಲಿ, ಅದೇ ಹೊಣೆಯಲ್ಲಿ ಇರಬೇಕು. ದಾವೆ ನಿಮ್ಮೊಬ್ಬರ ಮೇಲಿದ್ದು, ಬಿಲ್ ಪಾಲುದಾರರ ಫರ್ಮಿನದಾದರೆ ಆಗಲ್ಲ. ಬಿಲ್ ಬುಕ್ ತೆಗೆದು ಮೇಲಿನ ಹೆಸರು ಇವತ್ತೇ ನೋಡಿ. ಜೂನ್ 10ಕ್ಕೆ ಮೊದಲು ಅವರು ಬಾಕಿ ಒಪ್ಪಿ ಸಹಿ ಮಾಡಿದ ಪತ್ರ ಇದ್ದರೆ ಅದನ್ನೂ ತನ್ನಿ. ಆ ಸಹಿಯ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತದೆ, ಆಗ ಕೌಂಟರ್ ಕ್ಲೇಮ್ ಕೂಡ ಹಾಕಬಹುದು. ಅವರು ದಾವೆ ವಾಪಸ್ ತೆಗೆದುಕೊಂಡರೂ ಕೌಂಟರ್ ಕ್ಲೇಮ್ ನಡೆಯುತ್ತದೆ, ಅದೇ ಅದರ ಬಲ.

ರಿಟನ್ ಸ್ಟೇಟ್‌ಮೆಂಟ್‌ಗೆ ಸಮನ್ಸ್ ಬಂದ ದಿನದಿಂದ 30 ದಿನ. ಕೋರ್ಟ್ 90ರವರೆಗೆ ಬಿಡಬಹುದು, ಆದರೆ ಅದನ್ನು ನಂಬಿ ಕೂರಬೇಡಿ.

ಪ್ರಶ್ನೆ: ಮಾಲೀಕರು ಬಾಡಿಗೆ ಕೇಳಿ ದಾವೆ ಹಾಕಿದ್ದಾರೆ. ಅವರ ಪೈಪ್ ಒಡೆದು ನನ್ನ ಗೋಡೌನ್ ಮಾಲು ನೆನೆಯಿತು. ಸೆಟ್ ಆಫ್ ಮಾಡಬಹುದಾ?

ಎಷ್ಟು ನಷ್ಟ ಅನ್ನೋದನ್ನು ಕೋರ್ಟೇ ಅಳೆಯಬೇಕು. ಕೌಂಟರ್ ಕ್ಲೇಮ್ ಹಾಕಿ.

ಪ್ರಶ್ನೆ: ಸಾಕ್ಷಿ ಶುರುವಾಗಿದೆ. ಈಗ ಕೌಂಟರ್ ಕ್ಲೇಮ್ ಹಾಕಬಹುದಾ?

ತಡವಾಯಿತು. ಸಾಕ್ಷಿಗೆ ಮೊದಲೇ ಕೋರ್ಟ್ ವಿವಾದಾಂಶ, ಅಂದರೆ ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು, ರಚಿಸಿರುತ್ತದೆ. ಅದಾದ ಮೇಲೆ ಕೌಂಟರ್ ಕ್ಲೇಮ್ ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಬೇರೆ ದಾವೆಗೆ ಅವಧಿ ಉಳಿದಿದೆಯಾ ನೋಡಿಸಿ.